ರೂಪಕ, ವ್ಯಕ್ತೀಕರಣ, ವ್ಯಂಗ್ಯ: ಒಂದೇ ಪದ್ಯದಲ್ಲಿ ಮೂರನ್ನೂ ಗುರುತಿಸುವುದು ಹೇಗೆ?

ಪ್ರಶ್ನೆ: "ಪದ್ಯ ಓದಿ ಉತ್ತರ ಬರೆಯೋ ಪ್ರಶ್ನೆಗಳಲ್ಲಿ ನನಗೆ ರೂಪಕ, ವ್ಯಕ್ತೀಕರಣ, ವ್ಯಂಗ್ಯ ಮೂರೂ ಕಲಸಿಹೋಗುತ್ತವೆ. ಚಿಕ್ಕ ಚಿಕ್ಕ ಉದಾಹರಣೆ ಕೊಟ್ಟು ಬೇರೆ ಮಾಡಿ ತೋರಿಸ್ತೀರಾ?"

ರೂಪಕಕ್ಕೆ ಹೆಸರುಗಳನ್ನು ನೋಡಿ. ವ್ಯಕ್ತೀಕರಣಕ್ಕೆ ಕ್ರಿಯಾಪದವನ್ನು ನೋಡಿ. ವ್ಯಂಗ್ಯಕ್ಕೆ ಆ ಸಾಲನ್ನು ಬಿಟ್ಟು ಅದರ ಅಕ್ಕಪಕ್ಕದ ಸಾಲುಗಳನ್ನು ನೋಡಿ. ನಾನು ಮಕ್ಕಳಿಗೆ ಪದ್ಯ ಪಾಠ ಮಾಡುವಾಗ ಶುರು ಮಾಡುವುದೇ ಇಲ್ಲಿಂದ. ಮೂರನ್ನೂ ಒಂದೇ ಕಡೆ ಹುಡುಕಿದರೆ ಕಲಸಿಹೋಗುವುದು ಸಹಜ.

ಒಂದೇ ವಿಷಯ ಇಟ್ಟುಕೊಳ್ಳೋಣ, ಕಾಲ.

"ಕಾಲ ಒಬ್ಬ ಕಳ್ಳ." ಇಲ್ಲಿ ಎರಡು ಹೆಸರುಗಳಿವೆ, ಕಾಲ ಮತ್ತು ಕಳ್ಳ. ಒಂದನ್ನು ಇನ್ನೊಂದು ಎಂದೇ ಹೇಳಿದೆ. ಇದು ರೂಪಕ. "ಕಳ್ಳನಂತೆ" ಎಂದಿದ್ದರೆ ಉಪಮೆ ಆಗುತ್ತಿತ್ತು.

"ಕಾಲ ನನ್ನ ಬಾಲ್ಯವನ್ನು ಕದ್ದೊಯ್ದಿತು." ಕಳ್ಳ ಎಂಬ ಹೆಸರು ಹೋಯಿತು, ಕಳ್ಳನ ಕೆಲಸ ಮಾತ್ರ ಉಳಿಯಿತು. ಮನುಷ್ಯ ಮಾಡುವ ಕೆಲಸವನ್ನು ಮನುಷ್ಯನಲ್ಲದ್ದು ಮಾಡುತ್ತಿದೆ. ಇದು ವ್ಯಕ್ತೀಕರಣ.

"ಕಾಲ ಎಷ್ಟು ಉದಾರಿ! ಅಪ್ಪನನ್ನು ಒಯ್ದು, ಅಪ್ಪನ ಕನ್ನಡಕವನ್ನು ನಮಗೇ ಬಿಟ್ಟುಹೋಯಿತು." ಮೊದಲ ಮಾತನ್ನು ಮಾತ್ರ ಓದಿದರೆ ಹೊಗಳಿಕೆ. ಎರಡನೆಯದನ್ನು ಓದಿದ ಮೇಲೆ ಆ ಹೊಗಳಿಕೆ ತಿರುಗಿ ಬೀಳುತ್ತದೆ. ಇದು ವ್ಯಂಗ್ಯ. "ಒಯ್ದು" ಎನ್ನುವಲ್ಲಿ ವ್ಯಕ್ತೀಕರಣವೂ ಇದೆ ಅಲ್ವಾ? ಇದೆ. ಒಂದೇ ಸಾಲಿನಲ್ಲಿ ಎರಡು ಇರಬಹುದು. ಪ್ರಶ್ನೆ "ಉದಾರಿ" ಎಂಬ ಪದದ ಬಗ್ಗೆ ಇದ್ದರೆ ವ್ಯಂಗ್ಯ ಎಂದು ಬರೆಯಿರಿ, "ಒಯ್ದು" ಎಂಬುದರ ಬಗ್ಗೆ ಇದ್ದರೆ ವ್ಯಕ್ತೀಕರಣ ಎಂದು ಬರೆಯಿರಿ.

ಈಗ ಪರೀಕ್ಷೆಯಲ್ಲಿ ಬರುವ ಥರದ ಒಂದು ಪದ್ಯ. ಇದಕ್ಕೆಂದೇ ಬರೆದದ್ದು:

ಬಾವಿ ಬಾಯಿ ತೆರೆದು ಕಾಯುತ್ತಿದೆ ಮಳೆಗೆ,
ಹಗ್ಗ ಮುದಿ ಹಾವು, ಮೂಲೆಯಲ್ಲಿ ಸುರುಳಿ.
ಗೋಡೆಯ ಮೇಲೆ ಹೊಸ ಬಣ್ಣದ ಬರಹ:
"ನೀರು ಸಮೃದ್ಧ, ಊರು ಸುಖಿ."
ಕೊಡ ಹೊತ್ತವಳು ಓದಿ ನಕ್ಕಳು,
ಮೂರು ಮೈಲಿ ನಡೆಯಲು ಹೊರಟಳು.

ಮೊದಲ ಸಾಲಿನಲ್ಲಿ "ಬಾಯಿ" ಕಂಡ ತಕ್ಷಣ ತುಂಬಾ ಜನ ಅದಕ್ಕೇ ಗೆರೆ ಎಳೆಯುತ್ತಾರೆ. ಆದರೆ ಬಾವಿಯ ಬಾಯಿ, ಚೀಲದ ಬಾಯಿ ಎಂದು ನಾವು ದಿನಾ ಹೇಳುತ್ತೇವೆ. ಆ ಪದವೊಂದರಿಂದಲೇ ಬಾವಿ ಮನುಷ್ಯ ಆಗುವುದಿಲ್ಲ. ಮನುಷ್ಯ ಆಗುವುದು "ಕಾಯುತ್ತಿದೆ" ಎಂದಾಗ. ಕಾಯಬೇಕಾದರೆ ಆಸೆ ಬೇಕು, ಬರುತ್ತದೆ ಎಂಬ ನಂಬಿಕೆ ಬೇಕು. ಆ ಕ್ರಿಯಾಪದ ಬಂದ ಮೇಲೆ ಹಳೆಯ "ಬಾಯಿ"ಗೂ ಜೀವ ಬರುತ್ತದೆ, ಬಾಯಾರಿದವರ ಬಾಯಿಯಂತೆ ಕೇಳಿಸುತ್ತದೆ. ಉತ್ತರ ವ್ಯಕ್ತೀಕರಣವೇ, ಆದರೆ ಆಧಾರ ಕ್ರಿಯಾಪದ.

ಎರಡನೆಯ ಸಾಲು ಇನ್ನೂ ಚೆನ್ನಾಗಿ ಮೋಸ ಮಾಡುತ್ತದೆ. ಜೀವವಿಲ್ಲದ ಹಗ್ಗ ಜೀವವಿರುವ ಹಾವಾಯಿತು, ಹಾಗಾಗಿ ವ್ಯಕ್ತೀಕರಣ ಅನಿಸುತ್ತದೆ. ಅಲ್ಲ. ಹಗ್ಗ, ಹಾವು ಎಂದು ಎರಡು ಹೆಸರುಗಳು ಸಾಲಿನಲ್ಲೇ ಇವೆ. ಅದು ಆದದ್ದು ಹಾವು, ಮನುಷ್ಯ ಅಲ್ಲ. ಇದು ರೂಪಕ. ಹಗ್ಗ ಉಪಮೇಯ, ಹಾವು ಉಪಮಾನ. ಇಷ್ಟು ಬರೆದು ನಿಲ್ಲಿಸಬೇಡಿ, "ಮುದಿ" ಯಾಕೆ ಎಂದು ಕೇಳಿಕೊಳ್ಳಿ. ಹಗ್ಗ ಮೇಲೆ ಕೆಳಗೆ ಓಡಾಡಿ ಎಷ್ಟೋ ದಿನವಾಗಿದೆ, ಬಾವಿಯಲ್ಲಿ ಸೇದಲು ನೀರೇ ಇಲ್ಲ. ಒಳ್ಳೆಯ ಉತ್ತರದಲ್ಲಿ ಅಂಕ ಸಿಗುವುದು ಈ ಮಾತಿಗೆ.

"ನಕ್ಕಳು" ಎಂಬುದು ಏನೂ ಅಲ್ಲ. ನಗುತ್ತಿರುವವಳು ನಿಜವಾಗಿಯೂ ಮನುಷ್ಯಳೇ.

ವ್ಯಂಗ್ಯ ನಾಲ್ಕನೆಯ ಸಾಲಿನಲ್ಲಿದೆ. ಸರಿಯಾಗಿ ಹೇಳಬೇಕೆಂದರೆ, ಆ ಸಾಲಿಗೂ ಉಳಿದ ಪದ್ಯಕ್ಕೂ ನಡುವೆ ಇದೆ. ಬೇಕಾದರೆ ಉಳಿದ ಸಾಲುಗಳನ್ನು ಕೈಯಿಂದ ಮುಚ್ಚಿ, "ನೀರು ಸಮೃದ್ಧ, ಊರು ಸುಖಿ" ಅಷ್ಟನ್ನೇ ಓದಿ. ಸಾದಾ ಘೋಷಣೆ, ವ್ಯಂಗ್ಯ ಇಲ್ಲ. ಹಾಗೆಯೇ "ಹಗ್ಗ ಮುದಿ ಹಾವು" ಅಷ್ಟನ್ನೇ ಓದಿ. ರೂಪಕ ಹಾಗೇ ಉಳಿಯುತ್ತದೆ. ಕೈಯಿಂದ ಮುಚ್ಚಿ ನೋಡುವ ಈ ಉಪಾಯ ನನಗೆ ತುಂಬಾ ಇಷ್ಟ. ರೂಪಕ, ವ್ಯಕ್ತೀಕರಣ ಎರಡೂ ಸಾಮಾನ್ಯವಾಗಿ ತಮ್ಮ ಸಾಲಿನೊಳಗೇ ನಿಲ್ಲುತ್ತವೆ. ವ್ಯಂಗ್ಯಕ್ಕೆ ಎದುರಿಗೆ ಇನ್ನೊಂದು ಸಂಗತಿ ಬೇಕು. ಇಲ್ಲಿ ಆ ಸಂಗತಿ ಮೂರು ಮೈಲಿ ನಡಿಗೆ.

ವ್ಯಂಗ್ಯದ ಬಗ್ಗೆ ಇನ್ನೊಂದು ಮಾತು. ದುಃಖದ ಸಂಗತಿ ಕಂಡಲ್ಲೆಲ್ಲ ವ್ಯಂಗ್ಯ ಎಂದು ಬರೆಯುವವರಿದ್ದಾರೆ. "ಬಾವಿ ಬತ್ತಿತು, ಅವಳು ದೂರ ನಡೆದಳು" ಎನ್ನುವುದು ಸುಮ್ನೆ ಕಷ್ಟದ ಚಿತ್ರ. ಮೇಲೆ ಹೇಳಿದ್ದು ಒಂದು, ನಿಜ ಇನ್ನೊಂದು, ಆ ಅಂತರವನ್ನು ಓದುವವರು ಕಾಣಲಿ ಎಂದೇ ಕವಿ ಇಟ್ಟಿದ್ದಾರೆ, ಇವೆಲ್ಲ ಸೇರಿದರೆ ಮಾತ್ರ ವ್ಯಂಗ್ಯ. ಹಳೆಯ ಕಾವ್ಯಮೀಮಾಂಸೆಯ ಪಾಠದಲ್ಲಿ "ವ್ಯಂಗ್ಯಾರ್ಥ" ಎಂಬ ಪದ ಸಿಕ್ಕರೆ ಗಾಬರಿ ಆಗಬೇಡಿ. ಅಲ್ಲಿ ಅದರ ಅರ್ಥ ಸೂಚನೆಯಿಂದ ಹೊಳೆಯುವ ಅರ್ಥ ಎಂದು, ಚುಚ್ಚುಮಾತು ಎಂದಲ್ಲ. ಹೊಗಳುವಂತೆ ತೆಗಳುವುದಕ್ಕೆ ಅಲ್ಲಿ ವ್ಯಾಜಸ್ತುತಿ ಎಂಬ ಬೇರೆಯದೇ ಹೆಸರಿದೆ.

ವ್ಯಕ್ತೀಕರಣಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಸುಳಿವಿದೆ, ಕ್ರಿಯಾಪದದ ಕೊನೆ. "ಇರುಳು ಬಂದಿತು" ಎಂದರೆ ಕತ್ತಲಾಯಿತು, ಅಷ್ಟೇ. "ಇರುಳು ಬಂದಳು" ಎಂದರೆ ಒಬ್ಬ ಹೆಂಗಸು ಒಳಗೆ ಬಂದಂತಾಯಿತು. "ಇತು" ಹೋಗಿ "ಅಳು" ಬಂದದ್ದೇ ವ್ಯಕ್ತೀಕರಣ, ಬೇರೇನೂ ಬೇಕಿಲ್ಲ. ಆದರೆ ಸೂರ್ಯ, ಚಂದ್ರರ ವಿಷಯದಲ್ಲಿ ಈ ಸುಳಿವನ್ನು ಜಾಸ್ತಿ ನಂಬಬೇಡಿ. "ಸೂರ್ಯ ಮುಳುಗಿದ" ಎಂಬುದು ನಮ್ಮ ದಿನದ ಮಾತು. "ಸೂರ್ಯ ನಾಚಿ ಮೋಡದ ಹಿಂದೆ ಅಡಗಿದ" ಎಂದಾಗ "ನಾಚಿ" ಎಂಬ ಪದ ಆ ಕೆಲಸ ಮಾಡುತ್ತದೆ.

ಇನ್ನು ನಿಜಕ್ಕೂ ಗಡಿಯಲ್ಲಿರುವ ಸಾಲುಗಳು. "ಕಾಲವೆಂಬ ಕಳ್ಳ ಮೆಲ್ಲಗೆ ಬಂದು ಬಾಲ್ಯ ಕದ್ದ." ಕಳ್ಳ ಎಂಬ ಹೆಸರೂ ಇದೆ, ಮನುಷ್ಯನ ಕೆಲಸವೂ ಇದೆ. ಎರಡೂ ಸರಿ. ವಿವರಿಸಿ ಬರೆಯುವ ಪ್ರಶ್ನೆಯಾದರೆ ಎರಡನ್ನೂ ಬರೆಯಿರಿ, ಯಾವ ಪದಕ್ಕೆ ಯಾವುದು ಎಂದು ತೋರಿಸಿ. ಒಂದನ್ನೇ ಆರಿಸಬೇಕಾದರೆ "ಎಂಬ" ಪದವನ್ನು ಹಿಡಿಯಿರಿ. ಅದು ಎರಡು ಹೆಸರುಗಳನ್ನು ಒಂದು ಮಾಡುವ ಪದ, ಹಾಗಾಗಿ ನಾನು ರೂಪಕವನ್ನೇ ಆರಿಸುತ್ತೇನೆ. "ಎಂಬ" ಇಲ್ಲದೆ, ಎರಡನೆಯ ಹೆಸರೂ ಇಲ್ಲದೆ ಬರೀ ಮನುಷ್ಯನ ಕೆಲಸ ಇದ್ದರೆ ವ್ಯಕ್ತೀಕರಣ. ಒಳಗೆ ನೋಡಿದರೆ ವ್ಯಕ್ತೀಕರಣವೂ ರೂಪಕದ ಒಂದು ಬಗೆಯೇ. ಆದರೆ ಆಯ್ಕೆಯಲ್ಲಿ ಎರಡೂ ಕೊಟ್ಟಾಗ ಹೆಚ್ಚು ಖಚಿತವಾದ ಹೆಸರನ್ನೇ ಕೇಳಿರುತ್ತಾರೆ.

ಉತ್ತರ ಬರೆಯುವಾಗ ಪದ್ಯದ ಪದವನ್ನು ಹಾಗೇ ಎತ್ತಿ ಬರೆಯಿರಿ. ಉದಾಹರಣೆಗೆ: "'ನೀರು ಸಮೃದ್ಧ' ಎಂಬ ಬರಹದಲ್ಲಿ ವ್ಯಂಗ್ಯವಿದೆ. ಗೋಡೆ ಹೇಳುವುದು ಸಮೃದ್ಧಿ, ಆದರೆ ಅದನ್ನು ಓದಿದವಳೇ ನೀರಿಗಾಗಿ ಮೂರು ಮೈಲಿ ನಡೆಯಬೇಕಾಗಿದೆ." ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.