ಮನೆ ವೈರಿಂಗ್ ಎಸ್ಟಿಮೇಟ್‌ನಲ್ಲಿ ಲೋಡ್ ಲೆಕ್ಕ, ವೈರ್ ಸೈಜ್ ಸರಿ ಇದೆಯಾ ಅಂತ ನೋಡೋದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಎರಡು ಬೆಡ್‌ರೂಮಿನ ಮನೆ ಕಟ್ಟಿಸ್ತಾ ಇದ್ದೇವೆ. ಎಲೆಕ್ಟ್ರಿಷಿಯನ್ ಕೊಟ್ಟ ಲೋಡ್ ಪಟ್ಟಿ: ಲೈಟ್ 24ಕ್ಕೆ 240 ವ್ಯಾಟ್, ಫ್ಯಾನ್ 5ಕ್ಕೆ 300, 6 ಆಂಪ್ ಸಾಕೆಟ್ 14ಕ್ಕೆ 1,400, ಟಿವಿ-ಫ್ರಿಜ್-ಮಿಕ್ಸಿ 1,100, ಗೀಸರ್ (2) 2,000, ಇಂಡಕ್ಷನ್ 2,000, ಎಸಿ 1,500, ವಾಷಿಂಗ್ ಮೆಷಿನ್ 500, 1 ಎಚ್‌ಪಿ ಮೋಟರ್ 750. ಒಟ್ಟು 9,790 ವ್ಯಾಟ್. ಸಿಂಗಲ್ ಫೇಸ್, ಮೇನ್ ವೈರ್ 4 ಸ್ಕ್ವೇರ್ ಎಂಎಂ, 32 ಆಂಪ್ ಎಂಸಿಬಿ, ಪವರ್ ಪಾಯಿಂಟ್‌ಗೆಲ್ಲ 2.5. ಇದು ಸರಿ ಇದೆಯಾ?

ಉತ್ತರ: ಕೂಡಿದ್ದು ಸರಿ ಇದೆ. ಆದರೆ ಕೂಡಿದ ಸಾಲುಗಳಲ್ಲೇ ತಪ್ಪಿದೆ. ಮೇನ್ ವೈರ್ ಅಂತೂ ಈ ಮನೆಗೆ ಸಾಲೋದಿಲ್ಲ. ಕೆಲಸ ಶುರು ಮಾಡಿಸೋ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ನಾನು ವೈರಿಂಗ್ ಕಾಂಟ್ರ್ಯಾಕ್ಟ್ ಮಾಡುವವನು. ಪಟ್ಟಿ ಕೈಗೆ ಬಂದ ತಕ್ಷಣ ಒಟ್ಟು ಮೊತ್ತ ನೋಡೋದಿಲ್ಲ. ಪ್ರತಿ ಸಾಲಿನಲ್ಲಿ ಎಷ್ಟು ಸಾಮಾನು, ಒಂದಕ್ಕೆ ಎಷ್ಟು ವ್ಯಾಟ್ ಅಂತ ಬೇರೆ ಬೇರೆ ಬರೆದುಕೊಳ್ಳುತ್ತೇನೆ. ನಿಮ್ಮ ಗೀಸರ್ ಸಾಲನ್ನೇ ನೋಡಿ. ಎರಡು ಗೀಸರ್ ಅಂತ ಇದೆ, ವ್ಯಾಟ್ ಮಾತ್ರ ಒಂದರದ್ದು. ಅಲ್ಲಿಗೆ 2,000 ಸೇರಬೇಕು. ವಾಷಿಂಗ್ ಮೆಷಿನ್ 500 ಅನ್ನೋದು ಬರೀ ಬಟ್ಟೆ ತಿರುಗಿಸೋ ಮೋಟರ್‌ಗೆ ಸರಿ. ಬಿಸಿನೀರು ಕಾಯಿಸೋ ಫ್ರಂಟ್ ಲೋಡ್ ಮೆಷಿನ್ ಆದರೆ ಸುಮಾರು 2,000 ಹಿಡಿಯಬೇಕು, ಅಂದರೆ ಇನ್ನೂ 1,500. ಮೋಟರ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟರಿನ ಶಾಫ್ಟ್ ಹೊರಗೆ ಕೊಡೋ ಶಕ್ತಿ. ಮೋಟರ್ ಒಳಗೇ ಒಂದಿಷ್ಟು ಕಳೆದುಹೋಗುತ್ತದೆ. ಹಾಗಾಗಿ ಲೈನಿನಿಂದ ಎಳೆಯೋದು ಸುಮಾರು 1,100. ವೈರ್ ಲೆಕ್ಕಕ್ಕೆ ಬೇಕಾಗೋದು ಆ ಎಳೆಯೋ ಲೋಡ್.

ಇನ್ನೊಂದು ಕಡೆ ಕಳೆಯೋದೂ ಇದೆ. 6 ಆಂಪ್ ಸಾಕೆಟ್‌ಗೆ ತಲಾ 100 ವ್ಯಾಟ್ ಹಾಕಿದ ಮೇಲೆ ಟಿವಿ, ಫ್ರಿಜ್ ಅದರಲ್ಲೇ ಬಂದುಬಿಡುತ್ತವೆ ಅಲ್ವಾ? ಮತ್ತೆ ಬೇರೆ ಸಾಲಿನಲ್ಲಿ ಬರೆದರೆ ಎರಡು ಸಲ ಲೆಕ್ಕ ಆಯಿತು. ಆ ಸಾಲಿನ 1,100ರಲ್ಲಿ ಇವೆರಡರ 350 ತೆಗೆಯಿರಿ. ಮಿಕ್ಸಿಯ 750 ಮಾತ್ರ ಇಟ್ಟುಕೊಳ್ಳಿ, 100 ವ್ಯಾಟ್‌ನ ಲೆಕ್ಕದೊಳಗೆ ಅದು ಹಿಡಿಯೋದಿಲ್ಲ. ಇಷ್ಟೆಲ್ಲ ಸರಿಮಾಡಿದರೆ ನಿಮ್ಮ ಒಟ್ಟು ಲೋಡ್ 13,290 ವ್ಯಾಟ್, ಹತ್ತಿರ ಹತ್ತಿರ 13.3 ಕಿಲೋವ್ಯಾಟ್. ಸುಮ್ನೆ ಜಾಸ್ತಿ ಬರೆಸಲೂ ಹೋಗಬೇಡಿ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಾ ಇರಬೇಕಾಗುತ್ತದೆ.

ಈಗ ಮೇನ್ ವೈರ್. ಎಲ್ಲವೂ ಒಟ್ಟಿಗೆ ಓಡೋದಿಲ್ಲ ಅನ್ನೋದು ಸರಿ. ಅದಕ್ಕೆ ನಾನು ಮನೆಯ ಅತಿ ಕಷ್ಟದ ಒಂದು ಗಂಟೆಯನ್ನು ಹಿಡಿಯುತ್ತೇನೆ. ಬೆಳಗ್ಗೆ ಏಳು ಗಂಟೆ ಅಂದುಕೊಳ್ಳಿ. ಎರಡೂ ಬಾತ್‌ರೂಮಿನಲ್ಲಿ ಗೀಸರ್ ಆನ್. ಒಲೆ ಮೇಲೆ ಇಂಡಕ್ಷನ್. ಸಂಪ್‌ನಿಂದ ಟ್ಯಾಂಕಿಗೆ ಮೋಟರ್. ವಾಷಿಂಗ್ ಮೆಷಿನ್ ಬಿಸಿನೀರು ಮಾಡ್ತಾ ಇದೆ. ಇಷ್ಟಕ್ಕೇ 9,100 ವ್ಯಾಟ್. ಮಿಕ್ಸಿ, ಫ್ರಿಜ್, ನಾಲ್ಕು ಲೈಟ್ ಸೇರಿದರೆ 10,000. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 43 ಆಂಪ್. ಪೈಪಿನೊಳಗೆ ಹೋಗೋ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸುಮಾರು 26 ಆಂಪ್ ತಡೆಯುತ್ತದೆ, ಅಷ್ಟೇ.

"ಜಾಸ್ತಿ ಆದರೆ ಎಂಸಿಬಿ ಬೀಳುತ್ತಲ್ಲ" ಅಂತ ನಿಮ್ಮ ಎಲೆಕ್ಟ್ರಿಷಿಯನ್ ಹೇಳಬಹುದು. ಬೀಳುತ್ತದೆ, ಆದರೆ ಯಾವಾಗ ಅನ್ನೋದನ್ನು ನೋಡಬೇಕು. ಎಂಸಿಬಿ ತನ್ನ ರೇಟಿಂಗ್‌ನ 1.45 ಪಟ್ಟು ಕರೆಂಟ್ ಹರಿದಾಗ ಒಂದು ಗಂಟೆಯ ಒಳಗೆ ಬಿದ್ದರೆ ಸಾಕು ಅಂತ ಅದರ ಸ್ಟ್ಯಾಂಡರ್ಡ್ ಹೇಳುತ್ತದೆ. 32 ಆಂಪ್‌ಗೆ ಅದು 46 ಆಂಪ್. ನಿಮ್ಮ 43 ಆಂಪ್ ಅದಕ್ಕಿಂತ ಕಡಿಮೆ. ಹಾಗಾಗಿ ಎಂಸಿಬಿ ತುಂಬ ಹೊತ್ತು ಬೀಳದೆ ಕೂತಿರಬಹುದು. ಅಷ್ಟು ಹೊತ್ತೂ 26 ಆಂಪ್‌ನ ವೈರ್ ಗೋಡೆಯೊಳಗೆ ಬಿಸಿಯಾಗುತ್ತಿರುತ್ತದೆ. ದಿನಾ ಹೀಗಾದರೆ ವೈರಿನ ಮೇಲಿನ ಪಿವಿಸಿ ಗಟ್ಟಿಯಾಗಿ ಸೀಳು ಬಿಡುತ್ತದೆ. ಹಳೇ ಮನೆಗಳಲ್ಲಿ ಎಂಸಿಬಿಗಳೆಲ್ಲ ಕೂರೋ ಡಿಬಿ ಬಾಕ್ಸ್ ತೆಗೆದಾಗ ಮೇನ್ ಸ್ಕ್ರೂ ಹತ್ತಿರ ಕಂದುಗಟ್ಟಿದ ವೈರ್ ಎಷ್ಟೋ ಸಲ ಕಾಣಿಸುತ್ತದೆ. ಅದಕ್ಕೇ ಕ್ರಮ ಹೀಗಿರಬೇಕು: ಎಳೆಯೋ ಆಂಪ್‌ಗಿಂತ ಎಂಸಿಬಿ ದೊಡ್ಡದು, ಎಂಸಿಬಿಗಿಂತ ವೈರಿನ ತಾಕತ್ತು ದೊಡ್ಡದು. ನಿಮ್ಮ ಎಸ್ಟಿಮೇಟ್‌ನಲ್ಲಿ ಎರಡೂ ತಲೆಕೆಳಗಾಗಿದೆ.

ಈ ಮನೆಗೆ ನಾನಾದರೆ ತ್ರೀ ಫೇಸ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಒಂದು ಫೇಸಿಗೆ ಒಂದು ಗೀಸರ್ ಮತ್ತು ಎಸಿ. ಇನ್ನೊಂದಕ್ಕೆ ಎರಡನೇ ಗೀಸರ್ ಮತ್ತು ವಾಷಿಂಗ್ ಮೆಷಿನ್. ಮೂರನೇದಕ್ಕೆ ಇಂಡಕ್ಷನ್, ಮಿಕ್ಸಿ, ಮೋಟರ್. ಲೈಟು, ಫ್ಯಾನು, ಸಣ್ಣ ಸಾಕೆಟ್‌ಗಳನ್ನು ಮೂರಕ್ಕೂ ಹಂಚಿದರೆ ಅತಿ ಭಾರ ಬೀಳೋ ಫೇಸಿನಲ್ಲಿ 4,650 ವ್ಯಾಟ್, ಅಂದರೆ 20 ಆಂಪ್. ಅದೂ ಆ ಫೇಸಿನ ಎಲ್ಲವೂ ಒಟ್ಟಿಗೆ ಓಡಿದರೆ. ಇದಕ್ಕೆ 25 ಆಂಪ್‌ನ ಫೋರ್ ಪೋಲ್ ಎಂಸಿಬಿ, 6 ಸ್ಕ್ವೇರ್ ಎಂಎಂ ಮೇನ್ ವೈರ್ ಹಾಕಿಸಿ. 4 ಹಾಕಬಾರದಾ ಅಂತ ಕೇಳಬಹುದು. ಒಂದೇ ಪೈಪಿನಲ್ಲಿ ಮೂರು ಫೇಸ್ ವೈರ್ ಬಿಸಿಯಾಗುವಾಗ 4ರ ತಾಕತ್ತು 25ಕ್ಕಿಂತ ಕೆಳಗಿಳಿಯುತ್ತದೆ. ಮೀಟರಿನಿಂದ ಡಿಬಿಗೆ 25 ಮೀಟರ್ ದೂರ ಇದ್ದರೂ 6ರಲ್ಲಿ ವೋಲ್ಟೇಜ್ ಕಳೆಯೋದು ಮೂರು ವೋಲ್ಟ್ ಚಿಲ್ಲರೆ, ತೊಂದರೆ ಇಲ್ಲ. ನ್ಯೂಟ್ರಲ್ ಕೂಡ 6ರದ್ದೇ ಆಗಿರಲಿ. ತ್ರೀ ಫೇಸ್ ಮನೆಯಲ್ಲಿ ಮೇನ್ ನ್ಯೂಟ್ರಲ್ ಸಡಿಲವಾದರೆ ಲೋಡ್ ಕಡಿಮೆ ಇರೋ ಫೇಸಿನಲ್ಲಿ ವೋಲ್ಟೇಜ್ 230ರ ಮೇಲೆ ಎಷ್ಟೋ ಏರಿ ಟಿವಿ, ಫ್ರಿಜ್ ಸುಟ್ಟುಹೋಗುತ್ತವೆ. ಅಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಪವರ್ ಪಾಯಿಂಟ್‌ಗೆ 2.5 ಅಂತ ಬರೆದಿದ್ದಾರಲ್ಲ, ಅದು ತಪ್ಪಲ್ಲ. 2,000 ವ್ಯಾಟ್ ಗೀಸರ್ ಎಳೆಯೋದು 9 ಆಂಪ್‌ಗೆ ಸ್ವಲ್ಪ ಕಡಿಮೆ. 16 ಆಂಪ್ ಎಂಸಿಬಿ, 2.5ರ ವೈರ್ ಸಾಕು. ಆದರೆ ಎರಡು ಷರತ್ತು ಬರೆಸಿಕೊಳ್ಳಿ. ಒಂದು, ಒಂದು ದೊಡ್ಡ ಸಾಮಾನಿಗೆ ಒಂದು ಎಂಸಿಬಿ, ಡಿಬಿಯಿಂದ ನೇರ ವೈರ್. ಎಸ್ಟಿಮೇಟ್‌ನಲ್ಲಿ ಗೀಸರ್, ಎಸಿ, ಇಂಡಕ್ಷನ್, ವಾಷಿಂಗ್ ಮೆಷಿನ್, ಮೋಟರ್ ಎಷ್ಟಿವೆ ಎಣಿಸಿ, 16 ಆಂಪ್ ಎಂಸಿಬಿ ಎಷ್ಟು ಬರೆದಿದ್ದಾರೆ ಅದನ್ನೂ ಎಣಿಸಿ. ಎಂಸಿಬಿ ಕಡಿಮೆ ಇದ್ದರೆ ಎಲ್ಲೋ ಒಂದು ಕಡೆ ಎರಡನ್ನು ಒಂದೇ ವೈರಿಗೆ ಜೋಡಿಸುವ ಯೋಚನೆ ಇದೆ ಅಂತಲೇ ಅರ್ಥ. ಎರಡು, ಇಂಥ ಮೂರು ಲೈನ್ ಒಂದೇ ಪೈಪಿನಲ್ಲಿ ತುರುಕಬಾರದು. ಒಂದರ ಬಿಸಿ ಇನ್ನೊಂದಕ್ಕೆ ತಾಗಿ ತಾಕತ್ತು 70 ಶೇಕಡಕ್ಕೆ ಇಳಿಯುತ್ತದೆ. 20 ಆಂಪ್ ತಡೆಯೋ 2.5ರ ವೈರ್ ಆಗ 14 ಆಂಪ್‌ನದ್ದು, 16ರ ಎಂಸಿಬಿ ಅದನ್ನು ಕಾಪಾಡಲಾರದು. ಸ್ಲ್ಯಾಬ್ ಹಾಕೋ ಮುಂಚೆ ಕಬ್ಬಿಣದ ಮೇಲೆ ಪೈಪ್ ಹಾಸಿರುತ್ತಾರಲ್ಲ, ಆಗಲೇ ಹೋಗಿ ಡಿಬಿ ಜಾಗಕ್ಕೆ ಎಷ್ಟು ಪೈಪ್ ಬಂದಿವೆ ನೋಡಿ. ಕಾಂಕ್ರೀಟ್ ಬಿದ್ದ ಮೇಲೆ ಹೊಸ ಪೈಪಿಗೆ ದಾರಿ ಇರೋದಿಲ್ಲ.

ಲೈಟು-ಫ್ಯಾನಿಗೆ 1.5ರ ವೈರ್ ಇರಲಿ. ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಅನ್ನೋದು ಹಳೇ ಲೆಕ್ಕ, ಈಗಲೂ ಒಳ್ಳೇ ಲೆಕ್ಕ.

ಕೆಲಸ ಮುಗಿದ ದಿನ, ಕೊನೆ ಬಿಲ್ ಕೊಡೋ ಮೊದಲು, ಕ್ಲ್ಯಾಂಪ್ ಮೀಟರ್ ತರಿಸಿ. ಗೀಸರ್ ಒಂದನ್ನೇ ಹಾಕಿ ಅದರ ಎಂಸಿಬಿ ವೈರ್ ಸುತ್ತ ಕ್ಲ್ಯಾಂಪ್ ಹಿಡಿದರೆ 9 ಆಂಪ್ ಹತ್ತಿರ ತೋರಿಸಬೇಕು. ಎರಡನೇ ಗೀಸರ್ ಹಾಕಿದಾಗಲೂ ಅದು ಕದಲಬಾರದು. 17ಕ್ಕೆ ಏರಿದರೆ ಎರಡೂ ಒಂದೇ ವೈರಿನ ಮೇಲೆ ಕೂತಿವೆ, ಬಿಚ್ಚಿ ಬೇರೆ ಮಾಡಿಸಿ. ಆಮೇಲೆ ಎಲ್ಲವನ್ನೂ ಹಾಕಿ ಮೂರು ಫೇಸ್‌ಗಳ ಮೇನ್ ವೈರ್ ಒಂದೊಂದಾಗಿ ನೋಡಿ. ಯಾವುದೂ 20ನ್ನು ಹೆಚ್ಚು ದಾಟಬಾರದು. ಒಂದು 30, ಇನ್ನೊಂದು 8 ತೋರಿಸಿದರೆ ಡಿಬಿಯಲ್ಲಿ ಲೋಡ್ ಹಂಚಿದ್ದು ಸರಿಯಾಗಿಲ್ಲ.