ಎನ್‌ಸಿಡಿ ಬಡ್ಡಿ ನಿಂತಾಗ ಹಿಡಿಯಬೇಕಾದದ್ದು ಟ್ರಸ್ಟಿಯನ್ನು

“ಎನ್‌ಸಿಡಿ ಬಡ್ಡಿ ಬಂದಿಲ್ಲ. ಬ್ಯಾಂಕ್ ಆಗಲೇ ಕಂಪನಿಗೆ ನೋಟಿಸ್ ಕೊಟ್ಟಿದೆ. ನಾನೂ ಕೊಡಲಾ?”

ಎನ್‌ಸಿಡಿ ಅಂದರೆ ಕಂಪನಿಗೆ ನೀವು ಕೊಟ್ಟ ಸಾಲದ ಪತ್ರ, ಒಂದು ಬಗೆಯ ಡಿಬೆಂಚರ್. ಬ್ಯಾಂಕ್ ಸಾಲದಲ್ಲಿ ಸಾಲ ಕೊಟ್ಟವರು ಒಬ್ಬರೇ, ಅಡಮಾನ ಸಾಮಾನ್ಯವಾಗಿ ಬ್ಯಾಂಕ್ ಹೆಸರಲ್ಲೇ ಇರುತ್ತದೆ. ನಿಮ್ಮದು ಅಡಮಾನವಿರುವ ಸೆಕ್ಯೂರ್ಡ್ ಡಿಬೆಂಚರ್ ಆಗಿದ್ದರೆ, ಎಲ್ಲ ಹೂಡಿಕೆದಾರರ ಪರವಾಗಿ ಅಡಮಾನ ಡಿಬೆಂಚರ್ ಟ್ರಸ್ಟಿ ಹೆಸರಲ್ಲಿರುತ್ತದೆ. ಹಾಗಾಗಿ ಒಬ್ಬರೇ ನೋಟಿಸ್ ಕೊಟ್ಟು ಆಸ್ತಿ ಹರಾಜು ಹಾಕಿಸಲು ಆಗುವುದಿಲ್ಲ.

ಮೊದಲು ಆಫರ್ ಡಾಕ್ಯುಮೆಂಟ್‌ನಲ್ಲಿ ಟ್ರಸ್ಟಿ ಹೆಸರು ಹುಡುಕಿ. ನಿಮ್ಮ ಡಿಬೆಂಚರ್‌ನ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಹಾಕಿ, ಡಿಮ್ಯಾಟ್ ಸ್ಟೇಟ್‌ಮೆಂಟ್ ಲಗತ್ತಿಸಿ ಟ್ರಸ್ಟಿಗೆ ಮೇಲ್ ಮಾಡಿ: ಹೂಡಿಕೆದಾರರಿಗೆ ನೋಟಿಸ್ ಯಾವಾಗ ಕಳಿಸಿದಿರಿ, ಸಭೆ ಯಾವತ್ತು? ಲಿಸ್ಟೆಡ್ ಡಿಬೆಂಚರ್‌ಗಳಿಗೆ 2020ರಲ್ಲಿ ಸೆಬಿ ತಂದ ನಿಯಮದ ಪ್ರಕಾರ ಡಿಫಾಲ್ಟ್ ಆದ 3 ದಿನದೊಳಗೆ ಟ್ರಸ್ಟಿ ಹೂಡಿಕೆದಾರರಿಗೆ ನೋಟಿಸ್ ಕಳಿಸಬೇಕು, 30 ದಿನದೊಳಗೆ ಸಭೆ ಕರೆಯಬೇಕು. ನೋಟಿಸ್ ಬಂದರೆ ಸುಮ್ನೆ ಇಡಬೇಡಿ. ಅಡಮಾನ ಜಪ್ತಿಗೆ ಆಕ್ಷೇಪ ಬರೆಯದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ.

ಆಮೇಲೆ ಟ್ರಸ್ಟ್ ಡೀಡ್‌ನಲ್ಲಿ ‘ಪಾರಿ ಪಾಸು’, ಅಂದರೆ ಅಡಮಾನದ ಮೇಲೆ ಬ್ಯಾಂಕಿಗೂ ನಿಮಗೂ ಸಮಾನ ಹಕ್ಕು, ಅಂತ ಇದೆಯಾ ನೋಡಿ. ದುಡ್ಡಿನ ವ್ಯತ್ಯಾಸ ಇಲ್ಲೇ ಇರೋದು. ಬ್ಯಾಂಕ್ ಸಾಲ 40 ಕೋಟಿ, ಡಿಬೆಂಚರ್ 60 ಕೋಟಿ, ಆಸ್ತಿ ಮಾರಿ ಬಂದದ್ದು 60 ಕೋಟಿ ಅಂದುಕೊಳ್ಳಿ. ಪಾರಿ ಪಾಸು ಆಗಿ ಸಾಲದ ಅನುಪಾತದಲ್ಲಿ ಹಂಚಿದರೆ ನಿಮ್ಮ 1 ಲಕ್ಷಕ್ಕೆ ಸುಮಾರು 60 ಸಾವಿರ. ಬ್ಯಾಂಕಿಗೆ ಮೊದಲ ಹಕ್ಕಿದ್ದರೆ ಸುಮಾರು 33 ಸಾವಿರ ಮಾತ್ರ. ಖರ್ಚು ಬೇರೆ. ಅನ್‌ಸೆಕ್ಯೂರ್ಡ್ ಆಗಿದ್ದರೆ ಈ ಲೆಕ್ಕವೇ ಇಲ್ಲ.

ಟ್ರಸ್ಟಿ ಉತ್ತರಿಸದಿದ್ದರೆ ಅದೇ ಮೇಲ್ ಹಾಕಿ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ಟ್ರಸ್ಟಿ ಮೇಲೆ ದೂರು ಕೊಡಿ.