ಆರನೇ ವಾರದ ಕಂದು ಕಲೆ

"ಆರು ವಾರ ಆಗಿದೆ, ನಿನ್ನೆಯಿಂದ ಕಂದು ಬಣ್ಣದ ಸ್ಪಾಟಿಂಗ್, ನೋವಿಲ್ಲ. ಮಗು ಉಳಿಯುತ್ತಾ?"

ಖಂಡಿತ ಎಂದು ಯಾರೂ ಹೇಳಲಾರರು. ಆದರೆ ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತ ಕಾಣಿಸುತ್ತದೆ, ಅವರಲ್ಲಿ ಹೆಚ್ಚಿನವರ ಗರ್ಭ ಮುಂದುವರಿಯುತ್ತದೆ. ಕಂದು ಅಂದರೆ ಸಾಮಾನ್ಯವಾಗಿ ಹಳೆಯ ರಕ್ತ. ಆದರೂ ಬಣ್ಣ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಡಾಕ್ಟರಿಗೆ ಹೇಳಿ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಹೃದಯ ಬಡಿತ ಕಾಣದಿದ್ದರೆ ಆಗಲೇ ಮುಗಿಯಿತು ಅಂದುಕೊಳ್ಳಬೇಡಿ. ದಿನದ ಲೆಕ್ಕ ತಪ್ಪಿರಬಹುದು, ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಆ ಕಾಯುವಿಕೆ ನಿಜಕ್ಕೂ ಕಷ್ಟ. ಸುಮ್ನೆ ಹಾಸಿಗೆ ಹಿಡಿದರೆ ಗರ್ಭಪಾತ ತಪ್ಪುವುದಿಲ್ಲ, ನೀವು ಮೆಟ್ಟಿಲು ಹತ್ತಿದ್ದರಿಂದ ಇದು ಆಗಿದ್ದೂ ಅಲ್ಲ. ಆದರೆ ಗಂಟೆಗೊಂದು ಪ್ಯಾಡ್ ನೆನೆದರೆ, ಹೊಟ್ಟೆಯ ಒಂದೇ ಕಡೆ ಜೋರು ನೋವು, ಭುಜದ ತುದಿಯಲ್ಲಿ ನೋವು ಅಥವಾ ತಲೆಸುತ್ತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಗರ್ಭವು ಗರ್ಭಕೋಶದ ಬದಲು ಅದರ ಪಕ್ಕದ ನಳಿಕೆಯಲ್ಲಿ ಬೆಳೆಯುತ್ತಿರಬಹುದು.